ಬಾಗಿಲ ಬಳಿಗೆ ಬಂದ ಸೋಪು

ಹೋದ ವರ್ಷ ದಾವಣಗೆರೆಯ ತಂಗಿ ಮನೆಗೆ ಹೋಗಿದ್ದೆ. ಅವಳ ಮಗನದು ಕಿರಾಣಿ ಸಗಟು ವ್ಯಾಪಾರ. ನಾನು ಹೋದ ಹಿಂದಿನ ದಿನವೇ ಅವನ ಗೋದಾಮಿನಲ್ಲಿ, ತಲೆಗಿಂತ ಎತ್ತರದ ಹಲಗೆಯಿಂದ 15 ಕಿಲೋ ಎಣ್ಣೆ ಡಬ್ಬ ಇಳಿಸುವಾಗ ಜಾರಿ, ಹಿರಿಯ ಹಮಾಲರೊಬ್ಬರ ಕಾಲ್ಬೆರಳು ಜಜ್ಜಿಹೋಗಿತ್ತು.

“ಸಾಮಾನು ತೆಗೆಯೋದ್ರಲ್ಲೇ ಸಂಜೆಯಾಗುತ್ತೆ ಮಾವ. ಇನ್ನಿಬ್ಬರು ಆಳು ಬೇಕು” ಅಂದ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬೆಳೆದ ಕೈ ನನ್ನದು. ಬಿಲ್ ಪುಸ್ತಕ ತರಿಸಿಕೊಂಡು ಕೂತೆ. ಮೊದಲು ಎಡವಿದವನು ನಾನೇ. ಯಾವುದು ಎಷ್ಟು ಪೆಟ್ಟಿಗೆ ಹೋಗಿದೆ ಎಂದು ಕೂಡಿದೆ. ಮೇಣದ ಬತ್ತಿ ಎಲ್ಲಕ್ಕಿಂತ ಮುಂದಿತ್ತು. ಆಮೇಲೆ ನೋಡಿದರೆ ಒಬ್ಬರೇ ಗಿರಾಕಿ 80 ಪೆಟ್ಟಿಗೆ ಒಯ್ದಿದ್ದರು! ಕೈಗಾಡಿಯನ್ನು ನಾಲ್ಕು ಸಲ ತಳ್ಳಿದರೆ ಮುಗಿಯುವ ಕೆಲಸ. ಎಣಿಸಬೇಕಾದ್ದು ಪೆಟ್ಟಿಗೆಯನ್ನಲ್ಲ, ರೂಪಾಯಿಯನ್ನಂತೂ ಅಲ್ಲ. ಹುಡುಗರು ಅದನ್ನು ತರಲು ಎಷ್ಟು ಸಲ ಹೋಗುತ್ತಾರೆ ಎಂಬುದನ್ನು.

ಹಾಗೆ ಎಣಿಸಿದಾಗ ಬಟ್ಟೆ ಸೋಪು ಒಂದೇ ದಿನ 48 ಬಿಲ್ಲುಗಳಲ್ಲಿತ್ತು. ಅದಿದ್ದದ್ದು ಹಿಂದಿನ ಗೋಡೆಗೆ, ಬಾಗಿಲಿನಿಂದ 60 ಅಡಿ ದೂರ. ಹೋಗಿ ಬರಲು 120 ಅಡಿ. 48 ಸಲಕ್ಕೆ 5,760 ಅಡಿ, ಅಂದರೆ ಒಂದೂಮುಕ್ಕಾಲು ಕಿಲೋಮೀಟರ್! ಬಾಗಿಲ ಪಕ್ಕದಲ್ಲಿ ಏನಿತ್ತು ಅಂತೀರಿ? ದುಬಾರಿ ಬೆಲೆಯ ಕೂದಲ ಬಣ್ಣ. ಕಣ್ಣೆದುರಿಗಿರಲಿ ಎಂದು ಅಳಿಯ ತನ್ನ ಮೇಜಿನ ಬಳಿಯೇ ಇಟ್ಟುಕೊಂಡಿದ್ದ. ಅದು ಹೋದದ್ದು ಮೂರೇ ಬಿಲ್ಲಿಗೆ.

ಎರಡರ ಜಾಗ ಅದಲುಬದಲು ಮಾಡಿಸಿದೆವು, ಬಣ್ಣದ ಕಪಾಟಿಗೆ ಬೀಗ ಹಾಕಿಸಿ. ಸೋಪು ಈಗ 10 ಅಡಿಯಲ್ಲಿ. ದಿನದ ನಡಿಗೆ 960 ಅಡಿ. ಬಣ್ಣಕ್ಕಾಗಿ 300 ಅಡಿ ಹೆಚ್ಚಾಯಿತು, ಆಗಲಿ ಬಿಡಿ.

ಎಣ್ಣೆ ಡಬ್ಬಗಳನ್ನು ಎಲ್ಲಕ್ಕಿಂತ ಕೆಳಗಿನ ಹಲಗೆಗೆ ತಂದೆವು, ನೆಲದ ತೇವ ತಾಗದಂತೆ ಗೇಣೆತ್ತರದಲ್ಲಿ. ಮೇಲೆ ಚಿಪ್ಸ್ ಪೆಟ್ಟಿಗೆಗಳು. ಬಿದ್ದರೂ ತಲೆ ಒಡೆಯುವುದಿಲ್ಲ. ಕೈಗಾಡಿ ಹೊರಡುವ ಕಡೆಯೇ ಎಣ್ಣೆ ಇರಬೇಕೆಂದು ಹೇಳಿದವರು ಆ ಹಮಾಲರು. ಭಾರದ್ದು ಮೊದಲು ಗಾಡಿಗೆ ಬಿದ್ದರೆ ಅದರ ಮೇಲೆ ಬಿಸ್ಕತ್ತು ಪುಡಿಯಾಗದೆ ಕೂರುತ್ತದೆ. ನನಗೆ ಹೊಳೆದಿರಲಿಲ್ಲ.

ವಾರದೊಳಗೆ ಹೊಸ ತೊಂದರೆ ಬಂತು. ಹೆಚ್ಚು ಓಡುವ ಆರೂ ಸಾಮಾನುಗಳನ್ನು ಒಂದೇ ಓಣಿಗೆ ತುಂಬಿದ್ದೆವು. ಸಂಜೆ ಲಾರಿ ಬಂದಾಗ ಕೈಗಾಡಿಗಳು ಒಂದಕ್ಕೊಂದು ಡಿಕ್ಕಿ! ಮೂರನ್ನು ಬಾಗಿಲಿನ ಎಡಕ್ಕೆ, ಮೂರನ್ನು ಬಲಕ್ಕೆ ಹಂಚಿದ ಮೇಲೆ ದಾರಿ ಬಿಟ್ಟಿತು.

ಆಳು ಹೆಚ್ಚಿಸಲಿಲ್ಲ. ಜೂನ್ ಬಂದಾಗ ಅಳಿಯನೇ ಮತ್ತೆ ಬಿಲ್ ಎಣಿಸಿ, ಸೊಳ್ಳೆಬತ್ತಿಯನ್ನು ಮುಂದಕ್ಕೆ ತಂದು, ಶರಬತ್ತಿನ ಬಾಟಲಿಗಳನ್ನು ಹಿಂದಕ್ಕೆ ಕಳಿಸಿದನಂತೆ.

ತಂಗಿ ಮಾತ್ರ ನಕ್ಕಳು: “ಇದಕ್ಕೆ ಬಿ.ಕಾಂ. ಬೇಕೇನಣ್ಣ? ನನ್ನ ಉಪ್ಪಿನ ಭರಣಿ ಮೊದಲಿಂದಲೂ ಒಲೆ ಪಕ್ಕದಲ್ಲೇ ಇದೆ.” ಅವಳ ತಾಮ್ರದ ಕೊಪ್ಪರಿಗೆ ಅಟ್ಟದ ಮೇಲಿತ್ತು. ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.