ಏಳನೆಯ ಮನೆಯಲ್ಲಿ ಕುಳಿತ ಮನಸ್ಸು

ಜಮಖಂಡಿಯ ಹಳೆಯ ಪೇಟೆಯಲ್ಲಿ ಪಂಚಾಂಗ ನೋಡುವ ಆ ವೃದ್ಧ ಅಯ್ಯನವರ ಮನೆಗೆ ಶ್ರಾವಣದಲ್ಲಿ ಜನ ಜಾಸ್ತಿ. ಲಗ್ನದ ಮುಹೂರ್ತ, ಮನೆಯ ಪಾಯ, ಹೊಸ ಬೋರವೆಲ್ಲು ಹೀಗೆ ನೂರೆಂಟು ಕೆಲಸ. ನಡುನಡುವೆ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಬಂದು, ಉಳಿದವರೆಲ್ಲ ಎದ್ದು ಹೋಗುವ ತನಕ ಗೋಡೆಗೊರಗಿ ಕೂಡುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಪ್ರಶ್ನೆ ಏನೆಂದು ಅಯ್ಯನವರಿಗೆ ಕೇಳದೆಯೂ ಗೊತ್ತು.

ಬನಹಟ್ಟಿಯಿಂದ ಬಂದ ಹುಡುಗ ಅಂಥವನೊಬ್ಬ. ಇಪ್ಪತ್ತನಾಲ್ಕರ ವಯಸ್ಸು, ಇನ್ನೊಬ್ಬರ ಪವರ್‌ಲೂಮಿನಲ್ಲಿ ಸೀರೆ ನೇಯುವ ಕೆಲಸ. ಶ್ರಾವಣದ ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿತ್ತು, ಬೆಳಿಗ್ಗೆ ಎಂಟೂವರೆಯ ಸುಮಾರು. ಕಾಲೇಜು ಓದುವ, ತನ್ನ ಓಣಿಯದೇ ಹುಡುಗಿಯ ಹೆಸರು ಹೇಳಿ ಅವನು ಕೇಳಿದ್ದು ಇಷ್ಟೇ: "ಆಕಿ ಮನಸ್ಸಿನ್ಯಾಗ ನಾ ಅದೇನೋ ಇಲ್ಲೋ ನೋಡ್ರಿ ಅಜ್ಜಾರ."

ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಬಹಳ ಸುಲಭ, ಅದೇ ಅದರ ಅಪಾಯ. ಪ್ರಶ್ನೆ ಕೇಳಿದ ಗಳಿಗೆಗೆ ಕುಂಡಲಿ ಹಾಕುತ್ತಾರೆ. ಆಗ ಮೂಡಣದಲ್ಲಿ ಏರುತ್ತಿರುವ ರಾಶಿಯೇ ಲಗ್ನ, ಅದು ಕೇಳುವವನ ಮನೆ. ಅದಕ್ಕೆ ಎದುರಿನ ಏಳನೆಯದು ಅವನು ಬಯಸಿದವರ ಮನೆ. ಚಂದ್ರನೆಂದರೆ ಮನಸ್ಸು. ಆದರೆ ಲಗ್ನ ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಚಂದ್ರ ಎರಡೂಕಾಲು ದಿನಕ್ಕೊಮ್ಮೆ ರಾಶಿ ದಾಟುತ್ತಾನೆ. ಬೆಳಿಗ್ಗೆ ಬೇಡವಾದದ್ದು ಬಂದರೆ ಮಧ್ಯಾಹ್ನ ಇನ್ನೊಬ್ಬರ ಹತ್ತಿರ ಹೋದರಾಯಿತು, ಬೇರೆಯೇ ಕುಂಡಲಿ ಸಿಗುತ್ತದೆ. ಹತ್ತು ಸಲ ಕೇಳಿದವನಿಗೆ ಒಂದಾದರೂ ಸಲ ಏಳನೆಯ ಮನೆ ನಗುತ್ತಿರುವಂತೆ ಕಾಣದೆ ಇರಲಾರದು. ಅವನು ನಂಬುವುದೂ ಅದೊಂದನ್ನೇ. ಒಂದೇ ಪ್ರಶ್ನೆಯನ್ನು ಮರಳಿ ಮರಳಿ ಇಡಬಾರದೆಂದು ಹಿಂದಿನವರು ಹೇಳುತ್ತ ಬಂದದ್ದು ಸುಮ್ಮನೆ ಅಲ್ಲ.

ಈ ಹುಡುಗ ಅದಾಗಲೇ ಮೂರು ಕಡೆ ಕೇಳಿ ಬಂದಿದ್ದ. ಮುಧೋಳದ ಕಡೆಯವರೊಬ್ಬರು ತಾಯತ ಕಟ್ಟಿದ್ದರು. ಇನ್ನೊಬ್ಬರು "ಗುರುಬಲ ಬರಲಿ, ತಾನಾಗಿ ಬರ್ತಾಳ" ಎಂದಿದ್ದರು. ಈ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಜನ್ಮರಾಶಿಯಿಂದ ಎರಡು, ಐದು, ಏಳು, ಒಂಬತ್ತು, ಹನ್ನೊಂದನೆಯ ಮನೆಯಲ್ಲಿದ್ದಾಗ ಗುರುಬಲ. ಅಂದರೆ ಯಾವುದೇ ವರ್ಷ ಹನ್ನೆರಡು ರಾಶಿಗಳಲ್ಲಿ ಐದು ರಾಶಿಯವರಿಗೆ ಗುರುಬಲ ಇದ್ದೇ ಇರುತ್ತದೆ. ಇಲ್ಲದವರೂ ಒಂದು ವರ್ಷ, ಬಹಳವೆಂದರೆ ಎರಡು ವರ್ಷ ಕಾದರೆ ಸಾಕು. ಹೇಳಿದವರ ಮಾತು ಎಂದೂ ಸುಳ್ಳಾಗುವುದಿಲ್ಲ. ಕೇಳಿದವನ ಎರಡು ವರ್ಷ ಮಾತ್ರ ಹೋಗುತ್ತದೆ. ಮದುವೆಗೆ ಒಪ್ಪಿದ ಎರಡು ಮನೆಯವರು ತಿಥಿ ಹುಡುಕುವಾಗ ಗುರುಬಲ ನೋಡುವುದು ಬೇರೆ, ಒಪ್ಪದ ಹೆಣ್ಣೊಬ್ಬಳು ಮನಸ್ಸು ಬದಲಿಸುತ್ತಾಳೆಂದು ಅದನ್ನು ಕಾಯುವುದು ಬೇರೆ.

ಅಯ್ಯನವರು ಪಂಚಾಂಗ ತೆರೆಯುವ ಮೊದಲು ಹುಡುಗನನ್ನೇ ಕೇಳಿದರು. ಆಕೆಯ ಜೊತೆ ಎಷ್ಟು ಸಲ ಮಾತಾಡಿದ್ದೀ? ಎರಡು ಸಲ. ಏನಂದಳು? ಹುಡುಗ ಸುತ್ತಿ ಬಳಸಿ ಹೇಳತೊಡಗಿದ. ನೋಡಿದಾಗ ನಗುತ್ತಾಳೆ, ಮೊಬೈಲಿನಲ್ಲಿ ತಾನು ಹಾಡಿನ ಸ್ಟೇಟಸ್ ಹಾಕಿದ ದಿನವೇ ಆಕೆಯೂ ಒಂದು ಹಾಡು ಹಾಕಿದ್ದಳು. ಅಯ್ಯನವರು ಕೈಯೆತ್ತಿ ತಡೆದರು. "ನೀ ತಿಳಕೊಂಡಿದ್ದು ಬ್ಯಾಡ ತಮ್ಮಾ. ಆಕಿ ಬಾಯಿಲೆ ಏನು ಅಂದ್ಳು, ಅಷ್ಟ ಹೇಳು."

ಬಹಳ ಹೊತ್ತಿನ ಮೇಲೆ ಹುಡುಗ ಹೇಳಿದ: "ನನಗ ಅಂಥಾ ಮನಸ್ಸಿಲ್ಲ ಅಂದ್ಳರಿ. ಆದ್ರ ಮನ್ಯಾಗಿನವರ ಅಂಜಿಕಿಗೆ ಹಂಗ ಅಂದಾಳ್ರಿ."

"ಇಲ್ಲ ಅಂದದ್ದನ್ನ ನಿನ್ನ ಕಿವಿ ಕೇಳೈತಿ. ಇನ್ನ ಗ್ರಹದ ಕಡಿಂದ ಕೇಳೂದು ಏನೈತಿ?"

ಕೆಲವರು ಇಲ್ಲಿಗೇ ಬೈದು ಕಳಿಸುತ್ತಾರೆ. ಬೈಸಿಕೊಂಡವನು ನಾಲ್ಕನೆಯವರ ಮನೆ ಹುಡುಕುತ್ತಾನೆ, ಅಷ್ಟೇ. ಅಯ್ಯನವರು ಕುಂಡಲಿ ಹಾಕಿದರು. ಕನ್ಯಾ ಲಗ್ನ, ಅದರ ಯಜಮಾನ ಬುಧ ಹನ್ನೆರಡನೆಯ ಸಿಂಹದಲ್ಲಿ, ಚಂದ್ರ ಏಳನೆಯ ಮೀನದಲ್ಲಿ. ಚಂದ್ರ ಏಳರಲ್ಲಿದ್ದಾನೆ, ಆಕೆಯ ಮನಸ್ಸು ನಿನ್ನ ಕಡೆಗಿದೆ ಎನ್ನಲು ಅಡ್ಡಿಯಿರಲಿಲ್ಲ. ಹುಡುಗ ಕಾಯುತ್ತಿದ್ದದ್ದೂ ಅದಕ್ಕೇ. ಅಯ್ಯನವರು ಹಾಗೆ ಓದಲಿಲ್ಲ. ಪ್ರಶ್ನೆ ಇಟ್ಟವನು ಇವನು, ಚಂದ್ರ ಇವನ ಮನಸ್ಸು. ಇಲ್ಲಿಗೆ ಬಾರದ, ಏನನ್ನೂ ಕೇಳದ ಆ ಹುಡುಗಿಯ ಪರವಾಗಿ ಮಾತಾಡಲು ತಮಗೆ ಅಧಿಕಾರವಿಲ್ಲ ಎಂಬುದು ಅವರ ಕಟ್ಟುನಿಟ್ಟು.

"ನೋಡು, ನಿನ್ನ ಮನಸ್ಸು ಮಂದಿ ಮನ್ಯಾಗ ಹೋಗಿ ಕುಂತೈತಿ. ನಿನ್ನ ಮನಿ ಯಜಮಾನ ಖರ್ಚಿನ ಮನ್ಯಾಗ ಅದಾನ. ನಿನ್ನ ಮನಿ ಖಾಲಿ ಬಿದ್ದೈತಿ. ಏನೇನು ಖರ್ಚ ಆಗೇತಿ ಹೇಳು."

ಇದನ್ನು ಹೇಳಲು ಬುಧ ಚಂದ್ರರು ಬೇಕೇ ಎಂದು ಯಾರಾದರೂ ಕೇಳಬಹುದು. ಕಣ್ಣಿದ್ದ ನೆರೆಮನೆಯವರೂ ಹೇಳಬಹುದಾಗಿತ್ತು. ಆದರೆ ನೆರೆಮನೆಯವರ ಎದುರು ಆ ಹುಡುಗ ಕೂತು ಲೆಕ್ಕ ಒಪ್ಪಿಸುತ್ತಿರಲಿಲ್ಲ. ಇಲ್ಲಿ ಒಪ್ಪಿಸಿದ. ತಾಯತಕ್ಕೆ ಕೊಟ್ಟ ದುಡ್ಡು. ಕೆಲಸವಿಲ್ಲದಿದ್ದರೂ ಕಾಲೇಜು ಬಿಡುವ ಹೊತ್ತಿಗೆ ಜಮಖಂಡಿ ಬಸ್‌ಸ್ಟ್ಯಾಂಡಿಗೆ ಬಂದು ನಿಂತ ದಿನಗಳು. ಮೊಬೈಲು ನೋಡುತ್ತ ಕೂತು ಹಾಸಿನ ಎಳೆ ಹರಿದದ್ದು ಗೊತ್ತಾಗದೆ ಮಗ್ಗ ಓಡಿ, ಕೆಟ್ಟುಹೋದ ಸೀರೆಗಳು. ಅದಕ್ಕೆ ಮಾಲೀಕ ಮುರಿದುಕೊಂಡ ಕೂಲಿ.

"ಪಂಚಮಿಗೆ ಅಕ್ಕನ್ನ ಕರಕೊಂಡು ಬಂದಿ?" ಎಂದು ಅಯ್ಯನವರು ಕೇಳಿದರು.

ಹುಡುಗ ತಲೆ ತಗ್ಗಿಸಿದ. ಅಕ್ಕನನ್ನು ಬೀಳಗಿ ತಾಲ್ಲೂಕಿಗೆ ಕೊಟ್ಟಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಹೋಗಿ, ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡವರು. ಈ ಸೀಮೆಯಲ್ಲಿ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರದಿದ್ದರೆ ಆಕೆ ಓಣಿಯವರ ಎದುರು ಮುಖ ತೋರಿಸುವುದು ಕಷ್ಟ. ಈ ಸಲ ಅವನು ಹೋಗಿರಲಿಲ್ಲ. ಹಬ್ಬಕ್ಕೆ ರಜೆಯಾಗಿ ಆ ಹುಡುಗಿ ಮನೆಯಲ್ಲೇ ಇರುತ್ತಾಳೆ, ಜೋಕಾಲಿ ಆಡಲು ಹೊರಗೆ ಬರುತ್ತಾಳೆ ಎಂದು ಊರಲ್ಲೇ ಉಳಿದಿದ್ದ.

ಮರೆತುಬಿಡು ಎಂದು ಅಯ್ಯನವರು ಹೇಳಲಿಲ್ಲ. ಮರೆ ಎಂದ ಕೂಡಲೆ ಮರೆಯುವ ವಯಸ್ಸು ಅದಲ್ಲ. ಪ್ರೀತಿ ತಪ್ಪೆಂದೂ ಅನ್ನಲಿಲ್ಲ. "ಆಕಿ ಬಗ್ಗೆ ಇನ್ನ ನನ್ನ ಕೇಳಬ್ಯಾಡ. ಬಸ್‌ಸ್ಟ್ಯಾಂಡಿಗೆ ಹೋಗೂದು, ಬಿಡೂದು ನಿನ್ನ ಕೈಯಾಗೈತಿ. ಅದನ್ನ ಯಾವ ಗ್ರಹಾನೂ ಹಿಡಕೊಂಡು ಕುಂತಿಲ್ಲ. ಬಂದು ನಿಂತರ ಆಕಿಗೆ ತ್ರಾಸ ಆಕ್ಕೈತಿ, ಅದೂ ನಿನಗ ಗೊತ್ತೈತಿ" ಎಂದರು. ತಾಯತದ ಮಾತು ಎತ್ತಲಿಲ್ಲ. ದಕ್ಷಿಣೆಯಲ್ಲಿ ಒಂದು ನೋಟು ಇಟ್ಟುಕೊಂಡು ಉಳಿದದ್ದನ್ನು ಅವನ ಕೈಗೇ ಹಾಕಿದರು.

ಹತ್ತು ದಿನ ಕಳೆದ ಮೇಲೆ ಹುಡುಗ ಮತ್ತೆ ಬಂದ. ಅಂಥವರು ಬಂದೇ ಬರುತ್ತಾರೆ, ಅದೇ ಪ್ರಶ್ನೆಯನ್ನು ಹೊಸ ಅಂಗಿ ತೊಡಿಸಿ ತರುತ್ತಾರೆ. ಇವನೂ ತಂದಿದ್ದ: "ಆಕಿ ಬಗ್ಗೆ ಅಲ್ರಿ, ನನ್ನ ಶುಕ್ರ ಹೆಂಗದಾನ ನೋಡ್ರಿ ಸಾಕು." ಅಯ್ಯನವರು ಪಂಚಾಂಗವನ್ನು ಮುಟ್ಟಲಿಲ್ಲ. ಮಗ್ಗ ಹೇಗೆ ನಡೆದಿದೆ ಎಂದು ವಿಚಾರಿಸಿದರು. ಈ ವಾರ ಒಂದೇ ಸೀರೆ ಕೆಟ್ಟಿದೆ ಎಂದ. ಬಸ್‌ಸ್ಟ್ಯಾಂಡಿಗೆ? ಎರಡು ಸಲ ಹೋಗಿದ್ದೆ ಎಂದು ಸುಳ್ಳಾಡದೆ ಹೇಳಿದ.

ಎದ್ದು ಹೊರಟವನು ಬಾಗಿಲಲ್ಲಿ ನಿಂತ.

"ಅಜ್ಜಾರ, ಗಣಪತಿ ಹಬ್ಬಕ್ಕರ ಅಕ್ಕನ್ನ ಕರಕೊಂಡು ಬರಬೇಕಂತ ಮಾಡೀನ್ರಿ. ಯಾವ ದಿನ ಚಲೋ ಐತ್ರಿ?"

"ಬೀಳಗಿ ಬಸ್ಸು ಯಾವ ದಿನ ಇರಂಗಿಲ್ಲೊ ಅದೊಂದ ದಿನ ಬಿಟ್ಟು," ಎಂದರು ಅಯ್ಯನವರು, ಕನ್ನಡಕ ಒರೆಸುತ್ತ.