ಆ 27 ನಿಮಿಷ

ಅಪ್ಪನಿಗೆ ಸ್ಟ್ರೋಕ್ ಆದ ದಿನ ಕೆ.ಆರ್. ಪುರಂ ಟ್ರಾಫಿಕ್ಕನ್ನೇ ಬೈದುಕೊಂಡಿದ್ದೆ. ವಾರದ ನಂತರ ಪಾರ್ಕಿಂಗ್ ಚೀಟಿ, ಸಿಟಿ ಫಿಲ್ಮು, ಕೇಸ್ ಶೀಟು, ನನ್ನ ಕಾಲ್ ಲಾಗ್ ಮುಂದಿಟ್ಟುಕೊಂಡು ಕೂತೆ. ಸಿಟಿ ಮಷೀನಿನ ಗಡಿಯಾರ ನಾಲ್ಕು ನಿಮಿಷ ಮುಂದಿದೆ ಅಂತ ಟೆಕ್ನೀಷಿಯನ್ ಹೇಳಿದ್ರು. ಮೊದಲು ಅದನ್ನು ಕಳೆದೆ.

ಆಸ್ಪತ್ರೆ ಬಾಗಿಲು 7:32, ಸ್ಕ್ಯಾನ್ 7:51, ಇಂಜೆಕ್ಷನ್ 8:49. ಒಟ್ಟು 77 ನಿಮಿಷ. ಆಸ್ಪತ್ರೆಗಳು ಇಟ್ಟುಕೊಳ್ಳುವ ಗುರಿ 60. ಸ್ಕ್ಯಾನಿಗೆ ತಡವಾಗಿರಲಿಲ್ಲ. 8:04ಕ್ಕೇ ಡಾಕ್ಟರು, "ರಕ್ತಸ್ರಾವ ಇಲ್ಲ, ಹೆಪ್ಪು ಕರಗಿಸೋ ಔಷಧಿ ಕೊಡಬಹುದು, ಸಹಿ ಹಾಕಿ" ಅಂದಿದ್ರು. ನಾನು ಹಾಕಿದ್ದು 8:31ಕ್ಕೆ. ಮೆದುಳಲ್ಲಿ ರಕ್ತ ಸೋರುವ ಅಪಾಯವೂ ಇದೆ ಅಂದಿದ್ದಕ್ಕೆ ಹೆದರಿದ್ದೆ. ಲಾಗ್‌ನಲ್ಲಿ ಆರು ಕರೆಗಳಿವೆ: ಅಣ್ಣ, ಹಲಸೂರಿನ ಮಾವ, ಮತ್ತೆ ಅಣ್ಣ...

ಅಪ್ಪ ಈಗ ಎಡಗೈಯಲ್ಲಿ ಲೋಟ ಹಿಡೀತಾರೆ, ಸ್ವಲ್ಪ ತುಳುಕುತ್ತೆ. ಟೈಮ್‌ಲೈನ್ ಅವರಿಗೆ ತೋರಿಸಿಲ್ಲ.