ನೀರುದೋಸೆಗೆ ಇಂಗ್ಲಿಷಲ್ಲಿ ಎಂಥ ಬರೆಯೋದು?

ಚಾರ್ಮಾಡಿ ಘಾಟಿ ಹತ್ತೋರು, ಇಳಿಯೋರು ಎಲ್ಲಾ ನಮ್ಮ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಸೋದೇ ನೀರುದೋಸೆಗೆ ಅಂತ ನಿಮಗೇನೂ ಹೊಸದಾಗಿ ಹೇಳ್ಬೇಕಾಗಿಲ್ಲ. ಈಗ ಸುತ್ತಮುತ್ತ ಹೋಂಸ್ಟೇಗಳಾದ ಮೇಲೆ ಹೊರದೇಶದೋರೂ ಆಗಾಗ ಬರ್ತಾರೆ. ನನ್ನ ನಾದಿನಿ ತನ್ನ ಹೋಂಸ್ಟೇಗೆ ಇಂಗ್ಲಿಷಲ್ಲಿ ಊಟದ ಪಟ್ಟಿ ಬರೀಬೇಕು ಅಂದಾಗ ನಾನೂ ಜೊತೆಗೆ ಕೂತೆ. ಎರಡು ಮಧ್ಯಾಹ್ನ ಹಿಡೀತು. ನಿಮ್ಮಲ್ಲೂ ಯಾರಿಗಾದ್ರೂ ಬೇಕಾಗ್ಬಹುದು ಅಂತ ಬರೀತಿದ್ದೀನಿ.

ಮೊದಲ್ನೇದು, ಹೆಸರನ್ನ ಇಂಗ್ಲಿಷ್ ಮಾಡೋಕೆ ಹೋಗ್ಬಾರ್ದು. ಕೆಲವು ಕಡೆ ನೀರುದೋಸೆಗೆ ‘ವಾಟರ್ ಪ್ಯಾನ್‌ಕೇಕ್’ ಅಂತ ಇರುತ್ತೆ. ಹಿಟ್ಟು ಮಜ್ಜಿಗೆ ಹಾಗೆ ನೀರಾಗಿರುತ್ತೆ ಅಂತ ನಾವು ಆ ಹೆಸರಿಟ್ಟಿದ್ದು. ಓದೋರಿಗೆ ಅದು ಗೊತ್ತಾಗೋದು ಹೇಗೆ? ಮೇಲಾಗಿ ಅವರ ಪ್ಯಾನ್‌ಕೇಕ್ ಅಂದ್ರೆ ಮೈದಾ, ಹಾಲು, ಮೊಟ್ಟೆ ಹಾಕಿದ್ದು. ಸಿಹಿ ಹಾಕ್ಕೊಂಡು ತಿನ್ನೋದು. ಅದನ್ನ ಓದಿ ಜೇನುತುಪ್ಪ ಕೇಳಿದ್ರೆ ಅವರ ತಪ್ಪಲ್ಲ ಮಾರಾಯ್ತಿ. ಹೆಸರು ನೀರುದೋಸೆ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಇರ್ಲಿ. ನಾಳೆ ಬಸ್‌ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ ಅದೇ ಹೆಸರು ಹೇಳಿ ಕೇಳ್ಬಹುದು. ‘ವಾಟರ್ ಪ್ಯಾನ್‌ಕೇಕ್’ ಅಂದ್ರೆ ಅಲ್ಲಿ ಯಾರು ಕೊಡ್ತಾರೆ?

ಹೆಸರಿನ ಕೆಳಗೆ ಒಂದೇ ಸಾಲು ವಿವರ ಸಾಕು. ಯಾವುದರಿಂದ ಮಾಡಿದ್ದು, ಬೇಯಿಸಿದ್ದೋ ಕರಿದಿದ್ದೋ, ಸಿಹಿಯೋ ಖಾರವೋ, ಯಾವುದರ ಜೊತೆ ತಿನ್ನೋದು, ಈ ನಾಲ್ಕು ಆ ಸಾಲಲ್ಲಿರ್ಬೇಕು. ನೀರುದೋಸೆಗೆ ನಾವು ಬರೆದಿದ್ದು ಹೀಗೆ: ‘ಥಿನ್, ಸಾಫ್ಟ್ ರೈಸ್ ಕ್ರೇಪ್, ಕುಕ್ಡ್ ಅಂಡರ್ ಎ ಲಿಡ್. ನಾಟ್ ಸ್ವೀಟ್. ಈಟನ್ ವಿತ್ ಸ್ಪೈಸಿ ಕೋಕೊನಟ್ ಚಟ್ನಿ.’ ಕ್ರೇಪ್ ಅಂದ್ರೆ ಫ್ರಾನ್ಸಿನೋರ ತೆಳು ದೋಸೆ. ಅದು ಸಾಮಾನ್ಯವಾಗಿ ಗೋಧಿಹಿಟ್ಟಿಂದು, ಅದಕ್ಕೇ ‘ರೈಸ್’ ಅನ್ನೋದನ್ನ ಮುಂದೆ ಹಾಕಿದ್ದು. ಖಾರಕ್ಕೆ ‘ಹಾಟ್’ ಅಂತ ಬರೆದ್ರೆ ಬಿಸಿ ಅಂತ ತಿಳ್ಕೊಂಡುಬಿಡ್ತಾರೆ, ‘ಸ್ಪೈಸಿ’ ವಾಸಿ.

ಚಟ್ನಿ ಅನ್ನೋ ಪದ ಅವರಿಗೂ ಗೊತ್ತು, ಆದ್ರೆ ಅಲ್ಲೇ ಇನ್ನೊಂದು ಎಡವಟ್ಟು. ಇಂಗ್ಲೆಂಡಿನ ಕಡೆ ಚಟ್ನಿ ಅಂದ್ರೆ ಹಣ್ಣು, ಸಕ್ಕರೆ, ವಿನೆಗರ್ ಹಾಕಿ ಕುದಿಸಿ ಬಾಟ್ಲಿಗೆ ತುಂಬಿದ್ದು. ನಮ್ಮದು ಹಸಿ ತೆಂಗಿನಕಾಯಿ ಅವತ್ತಿಂದವತ್ತಿಗೆ ರುಬ್ಬಿದ್ದು. ಕಡುಬಿಗೂ ಹಂಗೇ. ‘ಡಂಪ್ಲಿಂಗ್’ ಅಂತ ಬರೆದ್ರೆ ಸುಮಾರು ಜನ ಒಳಗೆ ಹೂರಣ ಹುಡುಕ್ತಾರೆ. ನಮ್ಮ ಅಕ್ಕಿತರಿ ಕಡುಬಲ್ಲಿ ಹೂರಣ ಎಲ್ಲಿಂದ ಬರ್ಬೇಕು? ‘ಸ್ಟೀಮ್ಡ್ ರೈಸ್ ಬಾಲ್ಸ್, ನೋ ಫಿಲ್ಲಿಂಗ್’ ಅಂತ ಬರೆದ್ವಿ, ಜೊತೆಗೆ ಕೋಳಿಸಾರಲ್ಲಿ ಅದ್ದಿ ತಿನ್ನಿ ಅಂತಲೂ ಸೇರಿಸಿದ್ವಿ. ಸಾರಿಗೆ ಬರೀ ‘ಸೂಪ್’ ಅಂದ್ರೆ ಕಡುಬು ತಟ್ಟೆಲೇ ಬಿಟ್ಟು, ಸಾರನ್ನ ಚಮಚದಲ್ಲಿ ಕುಡೀತಾ ಕೂರ್ತಾರೆ.

ಇಷ್ಟೂ ರುಚಿ ವಿಷಯ ಆಯ್ತು, ತಪ್ಪಿದ್ರೆ ನಗಾಡಿ ಸುಮ್ಮನಾಗ್ಬಹುದು. ನಗಾಡೋಕಾಗದೇ ಇರೋದು ಇನ್ನೊಂದಿದೆ. ಕೆಲವರಿಗೆ ಗೋಡಂಬಿ, ಕಡ್ಲೆಬೀಜ ಒಂದು ಚೂರು ಹೋದ್ರೂ ಉಸಿರು ಕಟ್ಟುತ್ತೆ. ಕೆಲವರಿಗೆ ಗೋಧಿ ಸ್ವಲ್ಪವೂ ಆಗಲ್ಲ. ಹೀಗೆ ತೊಂದರೆ ಕೊಡೋ 14 ಬಗೆ ಪದಾರ್ಥಗಳನ್ನ ತಿಳಿಸ್ಲೇಬೇಕು ಅಂತ ಯುರೋಪಿನ ಹೋಟ್ಲುಗಳಿಗೆ 2014ರಿಂದ ಕಾನೂನೇ ಇದೆ. ಹಾಗಾಗಿ ಅಲ್ಲಿಂದ ಬಂದೋರು ಪಟ್ಟಿಲಿ ಇಲ್ಲ ಅಂದ್ರೆ ಅಡುಗೇಲೂ ಇಲ್ಲ ಅಂತ ನಂಬ್ಬಹುದು.

ನೀರುದೋಸೆ, ಅಕ್ಕಿರೊಟ್ಟಿ, ಕಡುಬು ಎಲ್ಲಾ ಅಕ್ಕೀದೇ ಅಲ್ವಾ, ‘ನೋ ವೀಟ್’ ಅಂತ ಬರೆದುಬಿಡೋಣ ಅಂದ್ಳು ನಾದಿನಿ. ಬರೆಯೋ ಮುಂಚೆ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿ ತೆಗೆದು ನೋಡಿದ್ವಿ. ಇಂಗಿನ ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಮೈದಾ ಅಂತಿತ್ತು! ಅಂಗಡೀಲಿ ಸಿಗೋ ಇಂಗು ಬರೀ ಇಂಗಲ್ಲ, ಅದಕ್ಕೆ ಮೈದಾನೋ, ಅಕ್ಕಿಹಿಟ್ಟೋ, ಗೋಂದೋ ಸೇರಿಸಿರ್ತಾರೆ. ಅಂದ್ರೆ ದೋಸೇಲಿ ಗೋಧಿ ಇಲ್ದಿದ್ರೂ, ಇಂಗಿನ ಒಗ್ಗರಣೆ ಬಿದ್ದ ಚಟ್ನೀಲಿ ಬಂತು. ಚಪಾತಿ ಬೇಯಿಸಿದ ಕಾವಲಿಯಲ್ಲೇ ರೊಟ್ಟಿ ತಟ್ಟಿದ್ರೂ ಅಷ್ಟೇ ಕಥೆ.

ಆಮೇಲೆ ನಾವು ‘ನೋ ವೀಟ್’ ಅಂತ ಎಲ್ಲೂ ಬರೀಲಿಲ್ಲ. ಇಲ್ಲ ಅಂತ ಮಾತು ಕೊಡೋದಕ್ಕಿಂತ ಏನಿದೆ ಅಂತ ಹೇಳೋದು ಸುಲಭ. ಚಟ್ನಿಗೆ ತೆಂಗಿನಕಾಯಿ ಮತ್ತು ಇಂಗು, ತಂಬುಳಿಗೆ ಮಜ್ಜಿಗೆ, ಕುರ್ಮಾಗೆ ಗೋಡಂಬಿ ಅಂತ ಬರೆದ್ವಿ. ಹಾಲು ಮೊಸರು ಮುಟ್ಟದೋರೂ ಬರ್ತಾರೆ, ಅದಕ್ಕೆ ತುಪ್ಪ ಎಲ್ಲೆಲ್ಲಿ ಬೀಳುತ್ತೋ ಅಲ್ಲೆಲ್ಲ ಅದನ್ನೂ ಹಾಕಿದ್ವಿ. ಕೊನೇಲಿ, ನಿಮಗೆ ಆಗದ್ದು ಏನಾದ್ರೂ ಇದ್ರೆ ಊಟಕ್ಕೆ ಮುಂಚೆ ಹೇಳಿ ಅಂತ ಒಂದು ಸಾಲು.

ಈಗ ಅಡುಗೆಯೋಳಿಗೆ ಒಂದೇ ಕಟ್ಟುನಿಟ್ಟು. ಸಾರು ಗಟ್ಟಿಯಾಗ್ಲಿ ಅಂತ ಹೇಳದೇ ಕೇಳದೇ ಗೋಡಂಬಿ ರುಬ್ಬಿ ಹಾಕೋ ಹಾಗಿಲ್ಲ. ಹಾಕ್ಲೇಬೇಕು ಅಂದ್ರೆ ಮೊದಲು ಪಟ್ಟಿ ತಿದ್ದಬೇಕು. ನಿಮ್ಮನೇಲಿ ಬರೆಯೋದಿದ್ರೂ ಪೆನ್ನು ಹಿಡಿಯೋ ಮುಂಚೆ ಇಂಗಿನ ಡಬ್ಬಿ ತಿರುಗಿಸಿ ನೋಡಿ.